‘ಒಂದು ವೇಳೆ’ ಎಂಬ ಸಾಲುಗಳು: ನನ್ನ ಮನೆಯ ಉಯಿಲು ಬರೆಸಿದ್ದು

ಬೀರುವಿನ ಒಳಖಾನೆಯಲ್ಲಿ, ಮನೆಯ ಕ್ರಯಪತ್ರದ ಮಡಿಕೆಯೊಳಗೆ, ಹತ್ತು ವರ್ಷ ಒಂದು ಕಾಗದ ಇಟ್ಟುಕೊಂಡಿದ್ದೆ. ನಮ್ಮ ಯಜಮಾನರು ತೀರಿಕೊಂಡ ಎರಡು ವರ್ಷಕ್ಕೆ, 2014ರಲ್ಲಿ, ನಾನೇ ಛಾಪಾ ಕಾಗದದ ಮೇಲೆ ದುಂಡಗೆ ಬರೆದದ್ದು. ‘ನನ್ನ ಕಾಲಾನಂತರ ಈ ಮನೆಯು ನನ್ನ ತಂಗಿಯ ಮಗನಿಗೂ ಹೆಣ್ಣುಮಕ್ಕಳ ಉಚಿತ ವಿದ್ಯಾರ್ಥಿನಿಲಯಕ್ಕೂ ಸಮನಾಗಿ ಸೇರತಕ್ಕದ್ದು’ ಅಂತ. ಕೆಳಗೆ ನನ್ನ ಸಹಿ, ಪಕ್ಕದ ಮನೆಯವರ ಸಾಕ್ಷಿ ಸಹಿ, ನೋಟರಿಯವರ ಕೆಂಪು ಮೊಹರು. ಆ ಮೊಹರು ನೋಡಿದಾಗಲೆಲ್ಲ ಮನಸ್ಸಿಗೆ ನೆಮ್ಮದಿ. ಮಕ್ಕಳಿಲ್ಲದವಳು ನಾನು, ಹೋಗುವ ಮುಂಚೆ ಮಾಡಬೇಕಾದ್ದನ್ನು ಮಾಡಿಟ್ಟಿದ್ದೇನೆ ಅಂದುಕೊಂಡಿದ್ದೆ.

ಆ ನೆಮ್ಮದಿ ಹೋದದ್ದು ನಮ್ಮ ಶಾಲೆಯಲ್ಲೇ ಪಾಠ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ. ಅವರೂ ವಿಧವೆ, ಅವರಿಗೂ ಮಕ್ಕಳಿಲ್ಲ. ಸ್ವಂತ ಸಂಬಳದಲ್ಲಿ ಕಟ್ಟಿಸಿದ ಮನೆ. ಕೊನೆಯ ಐದು ವರ್ಷ ಕೈಹಿಡಿದು ನೋಡಿಕೊಂಡವರು ಒಡಹುಟ್ಟಿದ ತಂಗಿ. ಉಯಿಲು ಬರೆದಿರಲಿಲ್ಲ. ಮನೆ ಹೋದದ್ದು ಅವರ ಗಂಡನ ಅಣ್ಣತಮ್ಮಂದಿರಿಗೆ. ತಂಗಿ ತನ್ನ ಸೀರೆಗಂಟು ತೆಗೆದುಕೊಂಡು ಆ ಮನೆಯಿಂದ ಆಚೆ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ.

ಹೀಗೂ ಉಂಟೇ ಅಂತ ನನ್ನ ಹಳೆಯ ವಿದ್ಯಾರ್ಥಿನಿಯನ್ನು ಕೇಳಿದೆ. ಮೈಸೂರಿನಲ್ಲೇ ವಕೀಲಿ ಮಾಡುತ್ತಾಳೆ, ಈಗಲೂ ನನ್ನನ್ನು ‘ಮೇಡಂ’ ಅಂತಲೇ ಕರೆಯುತ್ತಾಳೆ. ಅವಳು ವಿವರಿಸಿದಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಹೆಂಗಸು ಉಯಿಲು ಬರೆಯದೆ ಸತ್ತರೆ ಆಸ್ತಿ ಮೊದಲು ಮಕ್ಕಳಿಗೂ ಗಂಡನಿಗೂ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳ ಅಪ್ಪ ಅಮ್ಮನ ಸರದಿ ಬರುವುದು ಅದಾದ ಮೇಲೆ, ಒಡಹುಟ್ಟಿದವರದು ಇನ್ನೂ ಆಮೇಲೆ. ತಂದೆತಾಯಿಯಿಂದ ಬಂದ ಆಸ್ತಿ ಮಾತ್ರ ತಂದೆಯ ಕಡೆಗೆ ಹಿಂದಿರುಗುತ್ತದೆ. ತಾನೇ ದುಡಿದು ಮಾಡಿದ್ದಕ್ಕೆ ಆ ವಿನಾಯಿತಿ ಇಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಮೊಕದ್ದಮೆಯಲ್ಲಿ ಹೀಗೇ ಹೇಳಿದೆಯಂತೆ. ಮದುವೆಯಾದ ಮೂರು ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಅತ್ತೆಮನೆಯಿಂದ ಹೊರಬಿದ್ದು, ತವರಲ್ಲಿ ಓದಿ ಕೆಲಸಕ್ಕೆ ಸೇರಿದ ಹೆಂಗಸಿನ ಆಸ್ತಿಯ ಮೊಕದ್ದಮೆ ಅದು. ಆಕೆಯ ಗಳಿಕೆಯೂ ಕೊನೆಗೆ ಗಂಡನ ಅಕ್ಕತಂಗಿಯ ಮಕ್ಕಳಿಗೇ ಸೇರಿತು.

ನನ್ನ ಮನೆಯೂ ಅಂಥದ್ದೇ. 1988ರಲ್ಲಿ ನನ್ನ ಹೆಸರಿಗೆ ಕೊಂಡ ಮೂವತ್ತು ನಲವತ್ತರ ಸೈಟು. ಸಂಬಳದಲ್ಲಿ ಸಾಲದ ಕಂತು ಕಟ್ಟಿ ಮೇಲೆಬ್ಬಿಸಿದ ಗೋಡೆಗಳು. ನನ್ನ ಮೈದುನ, ನಾದಿನಿ ಇಬ್ಬರೂ ಒಳ್ಳೆಯವರು, ಅವರ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆದರೆ ಈ ಮನೆ ನನ್ನ ತಂಗಿಯ ಮಗನದು ಅಂತ ನನ್ನ ಮನಸ್ಸು ಎಂದೋ ನಿರ್ಧರಿಸಿಬಿಟ್ಟಿತ್ತು. ಅವನಿಗೆ ಹನ್ನೆರಡು ವರ್ಷವಿದ್ದಾಗ ತಂಗಿ ತೀರಿಕೊಂಡಳು. ಅವನಪ್ಪ ಬೇರೆ ಮದುವೆಯಾಗಿ ಹುಬ್ಬಳ್ಳಿಯಲ್ಲಿ ನೆಲೆಸಿದರು. ಹುಡುಗ ನಮ್ಮ ಮನೆಯಲ್ಲೇ ಬೆಳೆದ.

“ನಾನು ಬರೆದಿಟ್ಟಿದ್ದೀನಲ್ಲಮ್ಮ” ಅಂತ ಕಾಗದ ತೋರಿಸಿದೆ. ಅವಳು ಎರಡು ಸಲ ಓದಿ, ಸಾಕ್ಷಿ ಸಹಿಯ ಮೇಲೆ ಬೆರಳಿಟ್ಟಳು. “ಮೇಡಂ, ಒಬ್ಬರೇ ಸಾಕ್ಷಿ ಇದ್ದಾರೆ. ಇಬ್ಬರು ಬೇಕು. ನೋಟರಿಯವರು ಮೊಹರು ಒತ್ತಿದಾರೆ, ಸರಿ. ಆ ಮೊಹರೇ ಎರಡನೇ ಸಾಕ್ಷಿ ಅಂತ ನಂಬ್ಕೊಂಡು ಕೂರೋಕಾಗಲ್ಲ.”

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಬೇಡುವುದು ಇಷ್ಟು: ಬರೆದವರು ಸಹಿ ಹಾಕಿದ್ದನ್ನು ಕಂಡ, ಅಥವಾ ‘ಇದು ನನ್ನ ಸಹಿಯೇ’ ಅಂತ ಅವರ ಬಾಯಲ್ಲೇ ಕೇಳಿಸಿಕೊಂಡ ಇಬ್ಬರು, ಬರೆದವರ ಎದುರಿಗೇ ಸಹಿ ಹಾಕಬೇಕು. ಛಾಪಾ ಕಾಗದವೇ ಬೇಕಿಲ್ಲ, ಬಿಳಿ ಹಾಳೆಯಾದರೂ ನಡೆಯುತ್ತದೆ. ನಾನು ಬೇಡದ್ದನ್ನು ಮಾಡಿ ಬೇಕಾದ್ದನ್ನು ಬಿಟ್ಟಿದ್ದೆ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹೊಸ ಉಯಿಲಿಗೆ ಕೂತಾಗ ಸಾಕ್ಷಿಯ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು. ಎರಡು ತಿಂಗಳು ಹಿಡಿದದ್ದು ‘ಸಮನಾಗಿ ಸೇರತಕ್ಕದ್ದು’ ಎಂಬ ಎರಡು ಪದ.

ಒಬ್ಬ ಮನುಷ್ಯನಿಗೂ ವಿದ್ಯಾರ್ಥಿನಿಲಯ ನಡೆಸುವ ಒಂದು ಟ್ರಸ್ಟಿಗೂ ಒಂದೇ ಮನೆಯನ್ನು ಅರ್ಧರ್ಧ ಕೊಟ್ಟರೆ ಏನಾಗುತ್ತದೆ? ಇಬ್ಬರೂ ವಿಭಾಗವಾಗದ ಆಸ್ತಿಯ ಜಂಟಿ ಮಾಲೀಕರಾಗುತ್ತಾರೆ. ಒಂದು ನಡುಮನೆ, ಒಂದು ಅಡುಗೆಮನೆ, ಎರಡು ಕೋಣೆಯ ಮನೆಯಲ್ಲಿ ಟ್ರಸ್ಟು ಯಾವ ಗೋಡೆಯ ಆಚೆ ಇರಬೇಕು? ಇವನು ವಾಸಕ್ಕೆ ಇರಬೇಕೆಂದರೆ ಅವರ ಒಪ್ಪಿಗೆ ಬೇಕು, ಅವರು ಮಾರಬೇಕೆಂದರೆ ಇವನ ಸಹಿ ಬೇಕು. ಹೊಂದಾಣಿಕೆಯಾಗದಿದ್ದರೆ ವಿಭಾಗದ ದಾವೆ. ನಾನು ಪ್ರೀತಿಯಿಂದ ಕೊಟ್ಟದ್ದೇ ಇಬ್ಬರನ್ನೂ ಕೋರ್ಟಿನ ಬೆಂಚಿಗೆ ಕೂರಿಸುತ್ತಿತ್ತು.

ವಿದ್ಯಾರ್ಥಿನಿಲಯದ ಕಾರ್ಯದರ್ಶಿಯವರನ್ನು ಹೋಗಿ ಕಂಡೆ. ಅವರು ನೇರವಾಗಿ ಹೇಳಿದರು: “ಮನೆಯ ಪಾಲು ಬಂದರೆ ನಮಗೆ ತೊಂದರೆ ಅಮ್ಮ. ಮಾರೋಕೆ ಟ್ರಸ್ಟಿಗಳ ಸಭೆ, ಠರಾವು, ಒಂದೊಂದಲ್ಲ. ಹಣವಾಗಿ ಬಂದ್ರೆ ಮಕ್ಕಳ ಊಟಕ್ಕಾಗುತ್ತೆ.” ಅವತ್ತೇ ಇನ್ನೊಂದು ವಿಷಯವೂ ಗೊತ್ತಾಯಿತು. ಗೇಟಿನ ಮೇಲೆ ನಾನು ಮೂವತ್ತು ವರ್ಷದಿಂದ ಓದುತ್ತಿದ್ದ ಹೆಸರು ವಿದ್ಯಾರ್ಥಿನಿಲಯದ್ದು. ಅದನ್ನು ನಡೆಸುವ ಟ್ರಸ್ಟಿನ ಹೆಸರು ಬೇರೆಯೇ. ಹಳೆಯ ಕಾಗದದಲ್ಲಿ ನಾನು ಬರೆದಿದ್ದದ್ದು ಗೇಟಿನ ಹೆಸರು. ಈ ಸಲ ಟ್ರಸ್ಟ್ ಡೀಡಿನ ಪ್ರತಿ ಕೇಳಿ ಪಡೆದು, ಅದರಲ್ಲಿದ್ದ ಹಾಗೆ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್ ಸಂಖ್ಯೆ ಎಲ್ಲ ಬರೆಸಿದೆ.

ಕೊನೆಗೆ ನಾವು ಹೊಂದಿಸಿದ್ದು ಹೀಗೆ. ಮನೆ ಪೂರ್ತಿ ತಂಗಿಯ ಮಗನಿಗೆ. ಮನೆಯ ಬೆಲೆಯ ಮೂರನೇ ಒಂದು ಭಾಗ ಹಣವಾಗಿ ಟ್ರಸ್ಟಿಗೆ, ಅದನ್ನು ಅವನು ಹದಿನೆಂಟು ತಿಂಗಳೊಳಗೆ ಕೊಡಬೇಕು. ಕೊಡುವ ತನಕ ಆ ಹಣ ಮನೆಯ ಮೇಲಿನ ಭಾರ. ಬೆಲೆ ಎಂದರೆ ನಾನು ಸತ್ತ ದಿನದ ಬೆಲೆ. ಇಬ್ಬರು ನೋಂದಾಯಿತ ಮೌಲ್ಯಮಾಪಕರು ಕಟ್ಟಿದ ಬೆಲೆಗಳ ಸರಾಸರಿ. ಒಬ್ಬರು 88 ಲಕ್ಷ, ಇನ್ನೊಬ್ಬರು 92 ಲಕ್ಷ ಅಂದರೆ 90 ಲಕ್ಷ ಅಂತ ಹಿಡಿದು, ಟ್ರಸ್ಟಿಗೆ 30 ಲಕ್ಷ. ಅಷ್ಟು ಹೊಂದಿಸಲು ಆಗದಿದ್ದರೆ, ಅಥವಾ ಅವನಿಗೇ ಮನೆ ಬೇಡವಾದರೆ, ಆರು ತಿಂಗಳೊಳಗೆ ಬರೆದು ತಿಳಿಸಬೇಕು. ಆಗ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವವರು, ಮನೆ ಮಾರಿ ಖರ್ಚು ಕಳೆದು ಎರಡು ಭಾಗ ಅವನಿಗೆ, ಒಂದು ಭಾಗ ಟ್ರಸ್ಟಿಗೆ ಹಂಚಬೇಕು. ಅರ್ಧವಿದ್ದದ್ದು ಮೂರರಲ್ಲಿ ಒಂದಾದದ್ದು ನನ್ನ ತೀರ್ಮಾನ. ನೌಕರಿ ಮಾಡುವ ಹುಡುಗನಿಗೆ 45 ಲಕ್ಷ ಸಾಲ ತೆಗೆಯುವುದು ಆಗದ ಮಾತು. ಹಂಚಿಕೆಯಲ್ಲಿ ನ್ಯಾಯವಿದ್ದರೆ ಸಾಲದು, ಅದು ನಡೆಯುವಂತೆಯೂ ಇರಬೇಕು.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ವಕೀಲೆ ಪೆನ್ನು ಕೆಳಗಿಟ್ಟು ಕೇಳಿದಳು: “ಮೇಡಂ, ಒಂದು ವೇಳೆ ಅವರೇ ನಿಮಗಿಂತ ಮುಂಚೆ ಹೋದ್ರೆ?”

ಆ ಮಾತು ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಮೂವತ್ತೆಂಟರ ಹುಡುಗ. ಅಂಥ ಮಾತನ್ನು ಬಾಯಲ್ಲೂ ಆಡಬಾರದು ಅಂತ ನಮ್ಮಲ್ಲಿ ‘ಬಿಡ್ತು ಅನ್ನು’ ಅನ್ನುತ್ತೇವೆ. ನಾನೂ ಬಿಡ್ತು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದನ್ನೇ ಕೇಳಿದಳು.

ಅವಳು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ, ಯಾಕೆಂದರೆ ಮಕ್ಕಳಿಲ್ಲದವರಿಗೆ ಇದು ಬೇರೆಯವರಿಗಿಂತ ಹೆಚ್ಚು ಮುಖ್ಯ. ಉಯಿಲಿನಲ್ಲಿ ಪಡೆಯಬೇಕಾದವನು ಬರೆದವರಿಗಿಂತ ಮುಂಚೆ ಸತ್ತರೆ ಅವನಿಗೆ ಕೊಟ್ಟದ್ದು ಬಿದ್ದುಹೋಗುತ್ತದೆ. ಇದು 1925ರ ಕಾಯ್ದೆಯ 105ನೇ ಕಲಮು. ಪಡೆಯುವವರು ಸ್ವಂತ ಮಗನೋ ಮಗಳೋ ಆಗಿದ್ದರೆ ಕಾನೂನೇ ಕೈಹಿಡಿಯುತ್ತದೆ. ಅವರ ಸಂತಾನ ಇದ್ದರೆ ಆಸ್ತಿ ಬಿದ್ದುಹೋಗುವುದಿಲ್ಲ. ತಂಗಿಯ ಮಗನಿಗೆ ಆ ರಕ್ಷಣೆ ಇಲ್ಲ. ನಾನು ಅವನನ್ನು ಎಷ್ಟೇ ‘ಮಗ’ ಅಂದರೂ ಕಾನೂನಿಗೆ ಅವನು ನನ್ನ ಸಂತಾನವಲ್ಲ. ಬಿದ್ದುಹೋದದ್ದು ಉಯಿಲಿನ ಉಳಿಕೆಗೆ, ಅಂದರೆ ಇಂಥವರಿಗೆ ಅಂತ ಬೇರೆಯಾಗಿ ಬರೆಯದೆ ಉಳಿದ ಆಸ್ತಿಗೆ, ಸೇರುತ್ತದೆ. ಉಳಿಕೆ ಯಾರಿಗೆ ಅಂತ ಬರೆದಿರದಿದ್ದರೆ ಉಯಿಲೇ ಇಲ್ಲದ ಹಾಗೆ: ಮತ್ತೆ ಆ 15ನೇ ಕಲಮು, ಗಂಡನ ವಾರಸುದಾರರು. ನನ್ನ ಹಳೆಯ ಕಾಗದಕ್ಕೆ ಹತ್ತು ಸಾಕ್ಷಿಗಳಿದ್ದರೂ, ಒಂದು ಸಾವಿನಿಂದ ಅವನ ಅರ್ಧ ಅಲ್ಲಿಗೇ ಹೋಗುತ್ತಿತ್ತು.

“ಇನ್ನೊಂದಿದೆ” ಅಂದಳು. “ನೀವಿಬ್ಬರೂ ಒಂದೇ ಕಾರಲ್ಲಿ ಓಡಾಡ್ತೀರಲ್ಲ?”

ಹೌದು. ತಿಂಗಳಿಗೊಮ್ಮೆ ನಂಜನಗೂಡಿಗೆ, ವರ್ಷಕ್ಕೊಮ್ಮೆ ಶೃಂಗೇರಿಗೆ, ಅವನೇ ಕರೆದುಕೊಂಡು ಹೋಗುವುದು. ಇಬ್ಬರೂ ಒಟ್ಟಿಗೆ ಸತ್ತು, ಯಾರು ಮೊದಲು ಅಂತ ತಿಳಿಯದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 21ನೇ ಕಲಮು ಚಿಕ್ಕವರು ದೊಡ್ಡವರಿಗಿಂತ ಆಮೇಲೆ ಸತ್ತರು ಅಂತ ಭಾವಿಸುತ್ತದೆ, ಬೇರೆ ರುಜುವಾತಾಗುವ ತನಕ. ಅಂದರೆ ಮನೆ ಒಂದು ಕ್ಷಣವಾದರೂ ಅವನದಾಗಿ, ಅಲ್ಲಿಂದ ಅವನ ವಾರಸುದಾರರಿಗೆ ಹೋಗುತ್ತದೆ. ಅವನಿಗಿನ್ನೂ ಮದುವೆಯಾಗಿಲ್ಲ, ತಾಯಿಯಿಲ್ಲ. ವಾರಸುದಾರ ಎಂದರೆ ಅವನ ತಂದೆ. ನಾನು ಆಸ್ಪತ್ರೆಯಲ್ಲಿ ಸತ್ತು ಅವನು ಹತ್ತು ದಿನದ ಮೇಲೆ ಹೋದರೂ ಅದೇ ದಾರಿ. ಆ ಮನುಷ್ಯನಿಗೆ ನಾನು ಕೆಡುಕು ಬಯಸುವವಳಲ್ಲ. ಆದರೆ ಹನ್ನೆರಡರ ಹುಡುಗನನ್ನು ನನ್ನ ಬಾಗಿಲಲ್ಲಿ ಬಿಟ್ಟುಹೋದವರ ಕೈಗೆ ಈ ಬಾಗಿಲ ಬೀಗದ ಕೈ ಹೋಗುವುದನ್ನು ನಾನು ಒಪ್ಪಲಾರೆ.

ಹಾಗಾಗಿ ಉಯಿಲಿನಲ್ಲಿ ಈ ಸಾಲು ಬಂತು: ‘ಒಂದು ವೇಳೆ ಸದರಿಯವನು ನನಗಿಂತ ಮುಂಚೆ, ಅಥವಾ ನಾನು ತೀರಿಕೊಂಡ ಅರವತ್ತು ದಿನಗಳೊಳಗೆ ತೀರಿಕೊಂಡಲ್ಲಿ, ಮನೆಯು ನನ್ನ ಮೈದುನನ ಮಗಳಿಗೆ ಸೇರತಕ್ಕದ್ದು.’ ಅರವತ್ತು ದಿನ ಎಂಬುದು ಕಾನೂನಿನ ಲೆಕ್ಕವಲ್ಲ, ನಾವು ಇಟ್ಟುಕೊಂಡ ಗಡುವು. ಮೂವತ್ತು ಅಂತಲೂ ಬರೆಸಬಹುದು. ವರ್ಷಗಟ್ಟಲೆ ಇಟ್ಟರೆ ಅಷ್ಟು ದಿನ ಮನೆ ಯಾರದೂ ಅಲ್ಲದೆ ತೂಗಾಡುತ್ತದೆ. ಅರವತ್ತು ದಿನ ದಾಟಿದ ಮೇಲೆ ಮನೆ ಸಂಪೂರ್ಣವಾಗಿ ಅವನದು, ಆಮೇಲೆ ಯಾರಿಗೆ ಎನ್ನುವುದನ್ನು ಅವನು ತನ್ನ ಉಯಿಲಿನಲ್ಲಿ ಬರೆಯಬೇಕು. ಅವನ ಕಾಲಾನಂತರವೂ ನನ್ನ ಮಾತೇ ನಡೆಯಬೇಕು ಅಂತ ನಾನು ಕೇಳಲಿಲ್ಲ.

ಮೈದುನನ ಮಗಳನ್ನು ಆರಿಸಿದ್ದಕ್ಕೆ ಕಾರಣವಿದೆ. ಅವಳೂ ನನ್ನನ್ನು ‘ದೊಡ್ಡಮ್ಮ’ ಅನ್ನುತ್ತಾಳೆ, ಅವನೂ ‘ದೊಡ್ಡಮ್ಮ’ ಅನ್ನುತ್ತಾನೆ. ನಮ್ಮ ಯಜಮಾನರು ಈ ಮನೆಯ ಹಿತ್ತಿಲಲ್ಲಿ ನೆಟ್ಟ ನುಗ್ಗೆಮರದ ಕಾಯಿ ಕೊಯ್ದುಕೊಂಡು ಹೋಗಲು ಈಗಲೂ ಬರುವವಳು ಅವಳೇ. ಅವರ ಕಡೆಯ ಒಂದು ಜೀವ ಈ ಕಾಗದದಲ್ಲಿ ಇರಲಿ ಅನ್ನಿಸಿತು.

ಕರಡು ಬಂದಾಗ ಅದರಲ್ಲಿ ಎರಡು ತಪ್ಪು ಸಿಕ್ಕಿದವು. ಒಂದನ್ನು ನಾನು ಹಿಡಿದೆ. ಬೆರಳಚ್ಚು ಮಾಡಿದವರು ಇಂಗ್ಲಿಷ್ ಮಾದರಿಯೊಂದನ್ನು ಮುಂದಿಟ್ಟುಕೊಂಡು ತಂಗಿಯ ಮಗನನ್ನು ‘ನನ್ನ ಸೋದರಳಿಯ’ ಅಂತ ಬರೆದಿದ್ದರು. ಇಂಗ್ಲಿಷಿನಲ್ಲಿ ಅಣ್ಣನ ಮಗನಿಗೂ ತಂಗಿಯ ಮಗನಿಗೂ ಒಂದೇ ಪದ. ಕನ್ನಡದಲ್ಲಿ ಹೆಂಗಸಿಗೆ ಸೋದರಳಿಯ ಎಂದರೆ ಅಣ್ಣತಮ್ಮನ ಮಗ, ನನ್ನನ್ನು ‘ಅತ್ತೆ’ ಅನ್ನುವವನು. ಅಂಥವನೂ ನನಗೆ ಒಬ್ಬನಿದ್ದಾನೆ, ಬೆಂಗಳೂರಿನಲ್ಲಿ! ಹೆಸರು ಬೇರೆ ಇದ್ದರೂ ಸಂಬಂಧದ ಪದ ತಪ್ಪಿದರೆ ನಾಳೆ ವಾದಕ್ಕೆ ಒಂದು ಎಳೆ ಸಿಕ್ಕಂತೆ. ‘ನನ್ನ ದಿವಂಗತ ತಂಗಿಯ ಏಕೈಕ ಮಗ’ ಎಂದು ತಿದ್ದಿಸಿ, ತಂದೆತಾಯಿಯ ಹೆಸರು, ಹುಟ್ಟಿದ ದಿನ, ವಿಳಾಸ ಸೇರಿಸಿದೆವು.

ಎರಡನೆಯದನ್ನು ವಕೀಲೆ ಕಂಡಳು, ಅದು ಇನ್ನೂ ದೊಡ್ಡದು. ಟ್ರಸ್ಟಿಗೆ ಹಣ ಕೊಡುವ ಷರತ್ತು ತಂಗಿಯ ಮಗನ ಹೆಸರಿಗೇ ಅಂಟಿಕೊಂಡಿತ್ತು: ‘ಸದರಿಯವನು ಟ್ರಸ್ಟಿಗೆ ಕೊಡತಕ್ಕದ್ದು.’ ಅವನ ಬದಲು ಮೈದುನನ ಮಗಳು ಬಂದರೆ? ಅವಳಿಗೆ ಷರತ್ತಿಲ್ಲದ ಮನೆ, ಟ್ರಸ್ಟಿಗೆ ಬರಿಗೈ ಅಂತ ಓದಿಕೊಳ್ಳಲು ದಾರಿ ಇತ್ತು. ‘ಈ ಉಯಿಲಿನಡಿ ಮನೆಯನ್ನು ಪಡೆಯುವವರು ಯಾರೇ ಆಗಿರಲಿ’ ಎಂದು ಬದಲಿಸಿದಳು. ಆ ಮೇಲೆ ಉಳಿದ ‘ಒಂದು ವೇಳೆ’ಗಳು ತಾವಾಗಿ ಸಾಲುಗಟ್ಟಿದವು. ಟ್ರಸ್ಟು ಮುಚ್ಚಿಹೋಗಿದ್ದರೆ ಅದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆ, ಅದರ ಹೆಸರನ್ನೂ ಬರೆದೆವು. ತಂಗಿಯ ಮಗ, ಮೈದುನನ ಮಗಳು ಇಬ್ಬರೂ ಇಲ್ಲವಾದರೆ ಮನೆ ಮಾರಿ ಪೂರ್ತಿ ಹಣ ಟ್ರಸ್ಟಿಗೆ. ನಾನೇ ಈ ಮನೆ ಮಾರಿ ಫ್ಲ್ಯಾಟಿಗೆ ಹೋದರೆ, ‘ಈ ಮನೆ’ ಎಂಬ ಮಾತಿಗೆ ಅರ್ಥವೇ ಉಳಿಯದು. ಹಾಗಾಗಿ ಬದಲಿಗೆ ಕೊಂಡ ಮನೆಗೂ ಇದೇ ಏರ್ಪಾಡು. ಬ್ಯಾಂಕಿನ ಹಣ, ಒಡವೆ, ನಾನು ಮರೆತದ್ದು ಎಲ್ಲಕ್ಕೂ ಕೊನೆಯಲ್ಲಿ ಒಂದು ಉಳಿಕೆಯ ಸಾಲು.

ಸಹಿಯ ದಿನ ತಂಗಿಯ ಮಗ ಬರಬಾರದು ಅಂತ ವಕೀಲೆ ಕಟ್ಟುನಿಟ್ಟು ಮಾಡಿದಳು. ಅವನಿಗೆ ಬೇಸರವಾಯಿತು, “ಒಬ್ಬರೇ ಹೇಗೆ ಹೋಗ್ತೀರಿ ದೊಡ್ಡಮ್ಮ?” ಅಂದ. ಕಾರಣ ನಮ್ಮ ಹಳೆ ಮೈಸೂರಿನದೇ ಒಂದು ಮೊಕದ್ದಮೆಯಲ್ಲಿದೆ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, ಸುಪ್ರೀಂ ಕೋರ್ಟ್, 1958. ವಯಸ್ಸಾದ ಹೆಂಗಸಿನ ಉಯಿಲು. ಅದನ್ನು ಬರೆಸುವುದರಲ್ಲಿ ಮುಂದೆ ನಿಂತವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭ. ಆ ಅನುಮಾನ ನಿವಾರಣೆಯಾಗಲಿಲ್ಲವೆಂದು ಕೋರ್ಟು ಉಯಿಲನ್ನು ಒಪ್ಪಲಿಲ್ಲ. ಇವತ್ತಿಗೂ ಉಯಿಲಿನ ತಕರಾರು ಬಂದಾಗ ಆ ತೀರ್ಪನ್ನೇ ಮುಂದಿಡುತ್ತಾರಂತೆ. ಹಾಗಾಗಿ ನಾನು ಆಟೋದಲ್ಲಿ ಹೋದೆ.

ಸಾಕ್ಷಿಗಳು ನಮ್ಮ ಡಾಕ್ಟರು ಮತ್ತು ಎದುರುಮನೆಯ ಬ್ಯಾಂಕ್ ಉದ್ಯೋಗಿ. ಇಬ್ಬರೂ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ನಾಳೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ಅಮ್ಮ ನನ್ನೆದುರಿಗೆ ಸಹಿ ಹಾಕಿದರು’ ಅನ್ನಬೇಕು. ನನ್ನ ವಾರಿಗೆಯವರನ್ನು ಹಾಕಿಕೊಂಡರೆ ಆ ಹೊತ್ತಿಗೆ ಯಾರಿರುತ್ತಾರೆ? ನನಗೆ ಬುದ್ಧಿ, ನೆನಪು ಸ್ಪಷ್ಟವಾಗಿವೆ ಅಂತ ಡಾಕ್ಟರು ಅದೇ ದಿನಾಂಕ ಹಾಕಿ ಬೇರೊಂದು ಪ್ರಮಾಣಪತ್ರವನ್ನೂ ಕೊಟ್ಟರು.

ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಸ್ಟಾಂಪ್ ಡ್ಯೂಟಿಯೂ ಇಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದೆ. ಫೋಟೋ, ಹೆಬ್ಬೆಟ್ಟು, ಆಧಾರ್, ಸಾಕ್ಷಿಗಳ ಸಹಿ. ಅಧಿಕಾರಿ ತಲೆಯೆತ್ತಿ, “ನೀವೇ ಇಷ್ಟಪಟ್ಟು ಬರೆಸಿದ್ದಾ ಅಮ್ಮ? ಓದಿದ್ದೀರಾ?” ಅಂತ ಕೇಳಿದರು. “ಕನ್ನಡ ಮೇಷ್ಟ್ರು ನಾನು, ಒಂದೊಂದು ಅಕ್ಷರ ಓದಿದ್ದೇನೆ” ಅಂದೆ. ನೋಂದಣಿಯಾದ ಮಾತ್ರಕ್ಕೆ ಉಯಿಲು ಪ್ರಶ್ನಾತೀತವಾಗುವುದಿಲ್ಲ, ಸಾಕ್ಷಿಗಳ ಅಗತ್ಯ ತಪ್ಪುವುದೂ ಇಲ್ಲ. ಕಾಗದ ಕಳೆದರೂ ನಕಲು ಕಚೇರಿಯಲ್ಲಿ ಉಳಿಯುತ್ತದೆ, ನಾನು ಬದುಕಿರುವ ತನಕ ನನಗೆ ಅಥವಾ ನಾನು ನೇಮಿಸಿದವರಿಗೆ ಬಿಟ್ಟು ಬೇರಾರಿಗೂ ಆ ನಕಲು ಕೊಡುವುದಿಲ್ಲ. ನನಗೆ ಅಷ್ಟು ಸಾಕಿತ್ತು.

ಮನೆಗೆ ಬಂದು 2014ರ ಕಾಗದ ಹರಿಯಲು ಹೋದೆ. ಹೊಸದರ ಮೊದಲ ಸಾಲಲ್ಲೇ ‘ಈ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ’ ಅಂತ ಇತ್ತು, ಹರಿದರೂ ಬಿಟ್ಟರೂ ಒಂದೇ. ಹರಿದು ಒಲೆಗೆ ಹಾಕಿದೆ.

ಆ ಭಾನುವಾರ ಮೈದುನನನ್ನೂ ಅವನ ಮಗಳನ್ನೂ ಊಟಕ್ಕೆ ಕರೆದು ನಾನೇ ಎಲ್ಲ ಹೇಳಿದೆ. ನಾನು ಹೋದ ಮೇಲೆ ಕಾಗದದಲ್ಲಿ ಓದುವುದಕ್ಕಿಂತ ನನ್ನ ಬಾಯಲ್ಲಿ ಕೇಳಲಿ ಅಂತ. ಮೈದುನ ಮಜ್ಜಿಗೆಯ ಲೋಟ ಕೆಳಗಿಟ್ಟು, “ಅತ್ತಿಗೆ, ಮನೆ ನಿಮ್ಮದು. ಅವನಿಗೆ ಸೇರಬೇಕಾದ್ದೇ” ಅಂದ. ಮಗಳು ಮಾತ್ರ ಅತ್ತಳು. ಅಣ್ಣ ಸತ್ತರೆ ನನಗೆ ಅಂತ ಯಾಕೆ ಬರೆಸಿದಿರಿ ದೊಡ್ಡಮ್ಮ ಅಂತ. ಅವಳ ಬೆನ್ನು ಸವರುತ್ತಾ ತುಂಬ ಹೊತ್ತು ಕೂತಿದ್ದೆ.

ಈಗ ಹುಡುಗನಿಗೆ ಹೆಣ್ಣು ಗೊತ್ತಾಗಿದೆ, ಬರುವ ತಿಂಗಳು ನಿಶ್ಚಿತಾರ್ಥ. ಹೆಂಡತಿ, ಮುಂದೆ ಮಗು ಬಂದರೆ ‘ಒಂದು ವೇಳೆ’ಯ ಸಾಲಿನಲ್ಲಿ ಅವರು ಮೈದುನನ ಮಗಳಿಗಿಂತ ಮುಂದೆ ನಿಲ್ಲಬೇಕು. ಇದ್ದ ಕಾಗದದ ಮೇಲೆ ಗೀಚಿ ತಿದ್ದುವಂತಿಲ್ಲ. ತಿದ್ದುಪಡಿಯನ್ನು ಬೇರೆ ಬರೆಸಿ ಅದಕ್ಕೂ ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಬೇಕು. ಮದುವೆ ಮುಗಿದ ವಾರಕ್ಕೆ ವಕೀಲೆಯ ಹತ್ತಿರ ಸಮಯ ಕೇಳಿದ್ದೇನೆ. ಅದಕ್ಕೂ ಮುಂಚೆ ಮೈದುನನ ಮಗಳನ್ನು ಇನ್ನೊಮ್ಮೆ ಊಟಕ್ಕೆ ಕರೆಯಬೇಕು.